ಸೂರ್ಯಕಾಂತಿ ಎಣ್ಣೆಯೋ, ಅಕ್ಕಿ ತೌಡಿನ ಎಣ್ಣೆಯೋ? ಒಮೆಗಾ 6 ಜಗಳವನ್ನು ನಮ್ಮ ಬಾಣಲೆಗೆ ತಂದು ನೋಡಿದಾಗ

ಡಲ್ಲಾಸ್‌ನಲ್ಲಿರುವ ನನ್ನ ತಮ್ಮ ಒಂದು ಭಾನುವಾರ ಫೋನ್ ಮಾಡಿ ಅವ್ವನಿಗೆ ಹೇಳಿದ: "ಅವ್ವಾ, ಆ ಸನ್‌ಫ್ಲವರ್ ಎಣ್ಣಿ ಇನ್ನ ಮನ್ಯಾಗ ತರಬ್ಯಾಡ, ಅದು ವಿಷ." ಅವ್ವ ಆಗಷ್ಟೇ ಐದು ಲೀಟರ್ ಕ್ಯಾನ್ ತರಿಸಿದ್ದಳು. ಸರಿ, ಹಾಗಾದರೆ ರೈಸ್ ಬ್ರಾನ್ ತರಲೇನು ಎಂದು ನಾನು ಕೇಳಿದೆ. ಅದೂ ಬೇಡವಂತೆ. ಅಮೆರಿಕದಲ್ಲಿ ಬೀಜದೆಣ್ಣೆ ವಿರೋಧಿಗಳು ಎಂಟು ಎಣ್ಣೆಗಳ ಒಂದು ಕಪ್ಪುಪಟ್ಟಿ ಇಟ್ಟುಕೊಂಡಿದ್ದಾರೆ. ಸೋಯಾ, ಮೆಕ್ಕೆಜೋಳ, ಕ್ಯಾನೋಲಾ, ಹತ್ತಿಬೀಜ, ದ್ರಾಕ್ಷಿಬೀಜ, ಕುಸುಬೆ, ಸೂರ್ಯಕಾಂತಿ, ಅಕ್ಕಿ ತೌಡು. ನಾವು ಯಾವುದನ್ನು ಬಿಟ್ಟು ಯಾವುದಕ್ಕೆ ಹೋಗಬೇಕು ಅಂತ ತಲೆ ಕೆಡಿಸಿಕೊಂಡಿದ್ದೆವೋ ಆ ಎರಡೂ ಒಂದೇ ಪಟ್ಟಿಯಲ್ಲಿವೆ.

"ಮತ್ತೇನ ತಿನ್ನೋಣೋ?" ಅಂದಳು ಅವ್ವ. ತಮ್ಮ ಹೇಳಿದ್ದು, ಗಾಣದ ಶೇಂಗಾ ಎಣ್ಣೆ, ತುಪ್ಪ. ಅವ್ವ ನಕ್ಕು, "ನಾವು ಸಣ್ಣವರಿದ್ದಾಗ ಕುಸುಬಿ ಎಣ್ಣೀನ ತಿಂದು ಬೆಳದೇವಿ, ನಮ್ಮಪ್ಪ ಎಂಬತ್ತೊಂಬತ್ತು ವರ್ಷ ಇದ್ದ" ಅಂದಳು.

ಅಜ್ಜ ಎಂಬತ್ತೊಂಬತ್ತು ವರ್ಷ ಬದುಕಿದ್ದು ಯಾವುದಕ್ಕೂ ಪುರಾವೆ ಅಲ್ಲ, ಅದು ನನಗೂ ಗೊತ್ತು. ಆದರೆ ಆ ಒಂದು ಮಾತಿನಲ್ಲಿ ಈ ಇಡೀ ಗಲಾಟೆಯ ಗಂಟು ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಜಗಳ ಯಾವುದರ ಬಗ್ಗೆ

ಎಲ್ಲ ಎಣ್ಣೆಗಳೂ ಕೊಬ್ಬಿನ ಆಮ್ಲಗಳ ಮಿಶ್ರಣ. ಗಟ್ಟಿ ಕೊಬ್ಬು ಅಂದರೆ ಸ್ಯಾಚುರೇಟೆಡ್, ಅದು ತುಪ್ಪ, ತೆಂಗಿನೆಣ್ಣೆಯಲ್ಲಿ ಜಾಸ್ತಿ. ಒಲೆಯಿಕ್ ಆಮ್ಲ, ಅದು ಆಲಿವ್ ಎಣ್ಣೆಯಲ್ಲಿ ಜಾಸ್ತಿ, ಪ್ಯಾಕೆಟ್ ಮೇಲೆ ಮೂಫಾ ಅಂತ ಬರೆದಿರುತ್ತಾರೆ. ಮೂರನೆಯದು ಲಿನೋಲೆಯಿಕ್ ಆಮ್ಲ. ಒಮೆಗಾ 6 ಅಂತ ಜನ ಬೈಯುವುದು ಇದನ್ನೇ. ಪ್ಯಾಕೆಟ್ ಮೇಲೆ ಪೂಫಾ ಅಂತ ಇರುವ ಅಂಕಿಯಲ್ಲಿ ಬಹುಪಾಲು ಇದೇ ಇರುತ್ತದೆ. ಇದು ನಮ್ಮ ದೇಹಕ್ಕೆ ಬೇಕೇಬೇಕು, ದೇಹ ತಾನೇ ತಯಾರಿಸಿಕೊಳ್ಳಲಾರದು. ಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ, ಎಷ್ಟು ಬೇಕು ಅನ್ನುವುದರಲ್ಲಿ ತಕರಾರು.

ನಾಲ್ಕು ಎಣ್ಣೆಗಳ ಲೆಕ್ಕ ಇಲ್ಲಿದೆ. ನೂರು ಗ್ರಾಂ ಎಣ್ಣೆಯಲ್ಲಿ ಸುಮಾರು ಎಷ್ಟು ಗ್ರಾಂ ಅಂತ. ತಳಿ, ಬೆಳೆದ ಜಾಗ ನೋಡಿ ಎರಡು ಮೂರು ಗ್ರಾಂ ಆಚೀಚೆ ಆಗುತ್ತದೆ.

| ಎಣ್ಣೆ | ಸ್ಯಾಚುರೇಟೆಡ್ | ಒಲೆಯಿಕ್ | ಒಮೆಗಾ 6 |
|---|---|---|---|
| ಸೂರ್ಯಕಾಂತಿ | 11 | 25 | 62 |
| ಅಕ್ಕಿ ತೌಡು | 22 | 42 | 33 |
| ಶೇಂಗಾ | 20 | 48 | 31 |
| ಕುಸುಬೆ | 9 | 14 | 76 |

ತೌಡು ಮತ್ತು ಶೇಂಗಾದ ಸಾಲುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಹೆಚ್ಚುಕಡಿಮೆ ಒಂದೇ ಎಣ್ಣೆ ಅನ್ನಬಹುದು. ಆದರೂ ಒಂದು ಕಪ್ಪುಪಟ್ಟಿಯಲ್ಲಿದೆ, ಇನ್ನೊಂದು ಇಲ್ಲ. ಒಮೆಗಾ 6 ಹೆದರಿಕೆಯಿಂದ ರೈಸ್ ಬ್ರಾನ್ ಬಿಟ್ಟು ದುಪ್ಪಟ್ಟು ದುಡ್ಡು ಕೊಟ್ಟು ಗಾಣದ ಶೇಂಗಾ ಎಣ್ಣೆ ತರುವವರು ಒಮೆಗಾ 6 ವಿಷಯದಲ್ಲಿ ನಿಂತ ಜಾಗದಲ್ಲೇ ನಿಂತಿರುತ್ತಾರೆ. ಶೇಂಗಾ ಎಣ್ಣೆಯ ರುಚಿ, ಘಮ ಬೇಕು ಅಂತ ತಂದರೆ ಅದು ಬೇರೆ ಮಾತು, ಮಂಡಕ್ಕಿ ಒಗ್ಗರಣೆಗೆ ಅದರ ಸಮ ಇನ್ನೊಂದಿಲ್ಲ. ಇನ್ನು ಉತ್ತರ ಕರ್ನಾಟಕದ ಅಜ್ಜಿಯರು ತಲೆಮಾರುಗಳಿಂದ ಬಳಸಿದ ಕುಸುಬೆ ಎಣ್ಣೆಯಲ್ಲಿ ಸೂರ್ಯಕಾಂತಿಗಿಂತಲೂ ಜಾಸ್ತಿ ಒಮೆಗಾ 6. ಗಾಣದಲ್ಲಿ ತೆಗೆದರೂ ಅಷ್ಟೇ, ಕಾರ್ಖಾನೆಯಲ್ಲಿ ತೆಗೆದರೂ ಅಷ್ಟೇ. ಎತ್ತು ತಿರುಗಿದ ಮಾತ್ರಕ್ಕೆ ಲಿನೋಲೆಯಿಕ್ ಆಮ್ಲ ಒಲೆಯಿಕ್ ಆಗುವುದಿಲ್ಲ. "ಇದು ಹೊಸ ಕಾಲದ ಕೊಬ್ಬು, ನಮ್ಮ ಹಿರಿಯರು ತಿಂದಿರಲಿಲ್ಲ" ಅನ್ನುವ ವಾದ ಅಮೆರಿಕದ ಮಟ್ಟಿಗೆ ಒಂದಿಷ್ಟು ನಿಜ ಇರಬಹುದು. ಅಲ್ಲಿ ಇಪ್ಪತ್ತನೇ ಶತಮಾನದಲ್ಲಿ ಸೋಯಾ ಎಣ್ಣೆಯ ಬಳಕೆ ವಿಪರೀತ ಏರಿತು. ಅದನ್ನು ಹಾಗೇ ಎತ್ತಿ ವಿಜಯಪುರ, ಕಲಬುರಗಿಗೆ ತಂದಿಡಲು ಬರುವುದಿಲ್ಲ.

ಉರಿಯೂತದ ಕಥೆ ಎಲ್ಲಿ ಮುರಿಯುತ್ತದೆ

ವಿರೋಧಿಗಳ ವಾದ ಕೇಳಲು ಚೆನ್ನಾಗಿದೆ. ಲಿನೋಲೆಯಿಕ್ ಆಮ್ಲ ದೇಹದಲ್ಲಿ ಅರಾಕಿಡೋನಿಕ್ ಆಮ್ಲ ಆಗುತ್ತದೆ. ಅರಾಕಿಡೋನಿಕ್ ಆಮ್ಲದಿಂದ ಉರಿಯೂತ ಎಬ್ಬಿಸುವ ಪದಾರ್ಥಗಳು ಹುಟ್ಟುತ್ತವೆ. ಆದ್ದರಿಂದ ಎಣ್ಣೆ ಜಾಸ್ತಿಯಾದರೆ ಉರಿಯೂತ ಜಾಸ್ತಿ, ಅಲ್ಲಿಂದ ಹೃದಯ, ಸಕ್ಕರೆ, ಕೀಲುನೋವು ಎಲ್ಲ.

ಇದರಲ್ಲಿ ಮೊದಲ ಎರಡು ಮೆಟ್ಟಿಲೂ ಬಿಡಿಯಾಗಿ ನಿಜ. ಮೊದಲ ಮೆಟ್ಟಿಲಿಗೆ ಮಾತ್ರ ಒಂದು ಬಿಗಿಯಾದ ನಲ್ಲಿ ಇದೆ, ಅದನ್ನು ವಿರೋಧಿಗಳು ಹೇಳುವುದಿಲ್ಲ. ದೇಹ ತನಗೆ ಬೇಕಾದಷ್ಟೇ ಅರಾಕಿಡೋನಿಕ್ ಆಮ್ಲ ಮಾಡಿಕೊಳ್ಳುತ್ತದೆ. 2011ರಲ್ಲಿ ಬಂದ ಒಂದು ಪರಿಶೀಲನೆಯಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಸೇರಿಸಿ ನೋಡಿದರು. ಊಟದಲ್ಲಿ ಲಿನೋಲೆಯಿಕ್ ಆಮ್ಲವನ್ನು ಶೇಕಡಾ 90ರಷ್ಟು ಕಡಿಮೆ ಮಾಡಿದರೂ, ಆರು ಪಟ್ಟು ಏರಿಸಿದರೂ, ರಕ್ತದಲ್ಲಿ ಅರಾಕಿಡೋನಿಕ್ ಆಮ್ಲ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಮರುವರ್ಷ ಇನ್ನೊಂದು ಪರಿಶೀಲನೆ ನೇರವಾಗಿ ಉರಿಯೂತದ ಗುರುತುಗಳನ್ನೇ ಹುಡುಕಿತು. ಆರೋಗ್ಯವಂತರಲ್ಲಿ ಲಿನೋಲೆಯಿಕ್ ಆಮ್ಲ ಜಾಸ್ತಿ ತಿಂದದ್ದರಿಂದ ಅವು ಏರಿದ ಪುರಾವೆ ಸಿಗಲಿಲ್ಲ.

ಹಾಗಂತ ವಿರೋಧಿಗಳ ಕೈ ಖಾಲಿ ಇಲ್ಲ. ಅವರ ಬಳಿ ಎರಡು ಹಳೆಯ ಪ್ರಯೋಗಗಳಿವೆ, ಅವನ್ನು ಸುಮ್ನೆ ತಳ್ಳಿಹಾಕಬಾರದು.

ಒಂದು ಸಿಡ್ನಿಯದು. 1966ರಿಂದ 1973ರವರೆಗೆ, ಹೃದಯದ ತೊಂದರೆಯಿಂದ ಆಗಷ್ಟೇ ಎದ್ದಿದ್ದ 458 ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೆಣ್ಣೆ, ಮಾಂಸದ ಕೊಬ್ಬಿನ ಬದಲು ಕುಸುಬೆ ಎಣ್ಣೆ ಮತ್ತು ಕುಸುಬೆ ಎಣ್ಣೆಯ ಮಾರ್ಗರಿನ್ ಕೊಟ್ಟರು. ಹೌದು, ಅವ್ವನ ಕುಸುಬಿ ಎಣ್ಣಿನೇ! 2013ರಲ್ಲಿ ಹಳೆಯ ದಾಖಲೆ ಹುಡುಕಿ ಮತ್ತೆ ಲೆಕ್ಕ ಹಾಕಿದಾಗ, ಎಣ್ಣೆಯ ಗುಂಪಿನಲ್ಲಿ ಸತ್ತವರು ಶೇಕಡಾ 17.6, ಇನ್ನೊಂದರಲ್ಲಿ 11.8. ಎರಡನೆಯದು ಮಿನ್ನೆಸೋಟಾದ್ದು, 1968ರಿಂದ 1973. ಮಾನಸಿಕ ಆಸ್ಪತ್ರೆಗಳು ಮತ್ತು ಒಂದು ವೃದ್ಧರ ಆರೈಕೆ ಕೇಂದ್ರದ 9,423 ಜನ, ಇಲ್ಲಿ ಕೊಟ್ಟದ್ದು ಮೆಕ್ಕೆಜೋಳದ ಎಣ್ಣೆ. ಕೊಲೆಸ್ಟರಾಲ್ ಇಳಿಯಿತು. ಸಾವು ಇಳಿಯಲಿಲ್ಲ. ಇದರ ಪೂರ್ತಿ ಲೆಕ್ಕ ಹೊರಬಿದ್ದದ್ದು 2016ರಲ್ಲಿ, ಅದೂ ನೆಲಮಾಳಿಗೆಯಲ್ಲಿ ಸಿಕ್ಕ ಹಳೇ ಟೇಪುಗಳಿಂದ. ಇಷ್ಟು ವರ್ಷ ಮುಚ್ಚಿಟ್ಟಿದ್ದರಲ್ಲ ಅಂತ ಜನರಿಗೆ ಸಿಟ್ಟು ಬಂದರೆ ಅದು ನ್ಯಾಯವೇ.

ಆದರೆ ಆ ಪ್ರಯೋಗಗಳಲ್ಲಿ ಏನು ತಿನ್ನಿಸಿದರು ಅನ್ನುವುದನ್ನೂ ನೋಡಬೇಕು. ಸಿಡ್ನಿಯಲ್ಲಿ ದಿನದ ಒಟ್ಟು ಕ್ಯಾಲರಿಯಲ್ಲಿ ಶೇಕಡಾ 15ರಷ್ಟು, ಮಿನ್ನೆಸೋಟಾದಲ್ಲಿ 13ರಷ್ಟು ಒಮೆಗಾ 6ನಿಂದಲೇ ಬರುವ ಹಾಗೆ ಊಟ ಕೊಟ್ಟಿದ್ದರು. ಇದು ಬಹಳ ಜಾಸ್ತಿ. ಮಾರ್ಗರಿನ್ ಬೇರೆ, ಆ ಕಾಲದ ಮಾರ್ಗರಿನ್ ಅಂದರೆ ಟ್ರಾನ್ಸ್ ಕೊಬ್ಬು ಇರುವ ಪದಾರ್ಥ, ನಮ್ಮ ವನಸ್ಪತಿಯ ಅಣ್ಣ. ಮಿನ್ನೆಸೋಟಾದಲ್ಲಿ ಆಸ್ಪತ್ರೆಗೆ ಬಂದುಹೋಗುವವರೇ ಜಾಸ್ತಿ, ವರ್ಷ ತುಂಬುವವರೆಗೆ ಆ ಊಟ ಮಾಡಿದವರು ನಾಲ್ಕನೇ ಒಂದು ಭಾಗದಷ್ಟು ಮಾತ್ರ.

ಎದುರು ಬದಿಯ ತೂಕ ಎಷ್ಟು? 2019ರಲ್ಲಿ 13 ದೇಶಗಳ 30 ಅಧ್ಯಯನಗಳ 68,659 ಜನರ ಮಾಹಿತಿ ಒಟ್ಟು ಮಾಡಿದರು. ಏನು ತಿಂದಿರಿ ಅಂತ ಕೇಳಿ ಬರೆದುಕೊಂಡದ್ದಲ್ಲ, ರಕ್ತ ಮತ್ತು ಕೊಬ್ಬಿನ ಅಂಗಾಂಶದಲ್ಲೇ ಲಿನೋಲೆಯಿಕ್ ಆಮ್ಲ ಅಳೆದದ್ದು. ಜಾಸ್ತಿ ಇದ್ದವರಲ್ಲಿ ಹೃದಯದ ಕಾಯಿಲೆ, ಪಾರ್ಶ್ವವಾಯು ಕಡಿಮೆ ಇದ್ದವು. ಇದೂ ಪ್ರಯೋಗ ಅಲ್ಲ, ಬರೀ ಗಮನಿಸಿದ್ದು. ಅಂಥವರು ಬೇರೆ ರೀತಿಯಲ್ಲೂ ಆರೋಗ್ಯವಂತರಿರಬಹುದು. ಆದರೆ "ವಿಷ" ಅಂದರೆ ಹೀಗೆ ಉಲ್ಟಾ ದಿಕ್ಕಿಗೆ ಕಾಣಬಾರದಲ್ವಾ?

ನನ್ನ ಮಟ್ಟಿಗೆ ಇಷ್ಟು ಒಪ್ಪಿಗೆ: ಕ್ಯಾಲರಿಯಲ್ಲಿ ಶೇಕಡಾ 5ರಿಂದ 10ರವರೆಗೆ ಒಮೆಗಾ 6 ಇದ್ದರೆ ಹೆದರುವಂಥದ್ದಿಲ್ಲ, ಅಮೆರಿಕದ ಹೃದಯ ಸಂಘ 2009ರಲ್ಲಿ ಹೇಳಿದ ಮಿತಿಯೂ ಅದೇ. 13, 15ಕ್ಕೆ ಹೋಗುವುದು ಬೇಡ. ಹಾಗಾದರೆ ನಮ್ಮ ಮನೆಯದು ಎಷ್ಟು?

ನಮ್ಮ ಮನೆಯ ಲೆಕ್ಕ

ನಾಲ್ಕು ಜನ, ತಿಂಗಳಿಗೆ ಮೂರು ಲೀಟರ್ ಎಣ್ಣೆ. ಒಂದು ಲೀಟರ್ ಅಂದರೆ 910 ಗ್ರಾಂ. ಮೂರಕ್ಕೆ 2,730 ಗ್ರಾಂ. ಮೂವತ್ತು ದಿನ, ನಾಲ್ಕು ಜನಕ್ಕೆ ಭಾಗಿಸಿದರೆ ತಲೆಗೆ ದಿನಕ್ಕೆ ಸುಮಾರು 23 ಗ್ರಾಂ.

ಪೂರ್ತಿ ಸೂರ್ಯಕಾಂತಿಯೇ ಆದರೆ ಅದರಲ್ಲಿ ಒಮೆಗಾ 6 ಸುಮಾರು 14 ಗ್ರಾಂ. ಗ್ರಾಂಗೆ 9 ಕ್ಯಾಲರಿ, ಅಂದರೆ 126. ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ ಶೇಕಡಾ 6ರ ಆಸುಪಾಸು. ಪೂರ್ತಿ ತೌಡಿನೆಣ್ಣೆಯಾದರೆ 7.6 ಗ್ರಾಂ, ಶೇಕಡಾ ಮೂರೂವರೆ. ಇದರ ಮೇಲೆ ಜೋಳದ ರೊಟ್ಟಿ, ಗೋಧಿ, ಬೇಳೆ, ಶೇಂಗಾ ಹಿಂಡಿ ಇವುಗಳಲ್ಲೇ ಅಡಗಿರುವ ಒಮೆಗಾ 6 ದಿನಕ್ಕೆ 5 ಗ್ರಾಂ ಅಂತ ನಾನು ಹಿಡಿದುಕೊಂಡೆ, ಇನ್ನೊಂದು ಎರಡು ಚಿಲ್ಲರೆ ಶೇಕಡಾ. ಒಟ್ಟು ಸೂರ್ಯಕಾಂತಿಗೆ ಎಂಟೂವರೆ, ತೌಡಿಗೆ ಆರರ ಒಳಗೆ. ಎರಡೂ ಮಿತಿಯೊಳಗಿವೆ. ಆದರೆ ಅದೇ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಖರ್ಚಾಗುತ್ತಿದ್ದರೆ ಸೂರ್ಯಕಾಂತಿ ಲೆಕ್ಕ ಹದಿಮೂರರ ಹತ್ತಿರ ಹೋಗುತ್ತದೆ. ಸಿಡ್ನಿ, ಮಿನ್ನೆಸೋಟಾದ ಊಟದ ಹತ್ತಿರ ಬಂದೆವು ಅಂತಾಯಿತು. ತೌಡಿನೆಣ್ಣೆ ಐದು ಲೀಟರ್ ಆದರೂ ಎಂಟರ ಒಳಗೇ ನಿಲ್ಲುತ್ತದೆ, ಕ್ಯಾಲರಿ ಮಾತ್ರ ಏರುತ್ತದೆ.

ಇನ್ನೊಂದು ಅಂಕಿ ಇದೆ, ನನಗೆ ಅದೇ ಮುಖ್ಯ ಅನಿಸಿದ್ದು. ಒಮೆಗಾ 6 ಮತ್ತು ಮೀನು, ಅಗಸೆಯಲ್ಲಿ ಸಿಗುವ ಒಮೆಗಾ 3 ಎಂಬ ಕೊಬ್ಬು ದೇಹದಲ್ಲಿ ಒಂದೇ ಕಿಣ್ವಕ್ಕೆ ಪೈಪೋಟಿ ನಡೆಸುತ್ತವೆ. ಒಂದು ಬಹಳ ಜಾಸ್ತಿ ಇದ್ದರೆ ಇನ್ನೊಂದರ ಕೆಲಸ ಹಿಂದೆ ಬೀಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇವೆರಡರ ಪ್ರಮಾಣ 5ಕ್ಕೆ 1ರಿಂದ 10ಕ್ಕೆ 1ರೊಳಗೆ ಇರಲಿ ಅನ್ನುತ್ತದೆ. ಮೀನು ತಿನ್ನದ ಮನೆಗಳಲ್ಲಿ ಇದು ಎಡವುವುದು ಒಮೆಗಾ 6 ಜಾಸ್ತಿಯಾಗಿ ಅಲ್ಲ, ಒಮೆಗಾ 3 ಹೆಚ್ಚುಕಡಿಮೆ ಇಲ್ಲವೇ ಇಲ್ಲದ್ದರಿಂದ. ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಸೊನ್ನೆಗೆ ಹತ್ತಿರ. ತೌಡಿನೆಣ್ಣೆಯಲ್ಲಿ ನೂರಕ್ಕೆ ಒಂದು ಗ್ರಾಂ ಚಿಲ್ಲರೆ. ಸೊಪ್ಪು, ಬೇಳೆಯಿಂದ ದಿನಕ್ಕೆ ಅರ್ಧ ಗ್ರಾಂ ಬರುತ್ತದೆ ಅಂತ ಇಟ್ಟುಕೊಂಡರೆ, ನಮ್ಮ ಮೂರು ಲೀಟರ್ ಮನೆಯಲ್ಲಿ ಸೂರ್ಯಕಾಂತಿ ಜೊತೆಗೆ ಪ್ರಮಾಣ 38ಕ್ಕೆ 1! ತೌಡಿನ ಜೊತೆ 16ಕ್ಕೆ 1.

ಈಗ ಒಂದು ಚಮಚ ಅಗಸೆ ಪುಡಿ ಸೇರಿಸೋಣ. ಊಟದ ದೊಡ್ಡ ಚಮಚ, ಏಳು ಗ್ರಾಂ. ಅದರಲ್ಲಿ ಒಮೆಗಾ 3 ಸುಮಾರು 1.6 ಗ್ರಾಂ. ಸೂರ್ಯಕಾಂತಿಯ 38 ಒಂದೇ ಸಲಕ್ಕೆ 9ಕ್ಕೆ ಇಳಿಯುತ್ತದೆ. ತೌಡಿನ 16 ಐದರ ಹತ್ತಿರ. ಎಣ್ಣೆ ಬದಲಾಯಿಸಿ ಆಗದ ಕೆಲಸ ರೊಟ್ಟಿಗೆ ಹಚ್ಚಿಕೊಂಡ ಅಗಸಿ ಚಟ್ನಿಪುಡಿಯಿಂದ ಆಗಿಹೋಯಿತು. ಬೀಜ ಪುಡಿ ಮಾಡಿಯೇ ತಿನ್ನಬೇಕು, ಇಡೀ ಬೀಜ ನುಂಗಿದರೆ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ. ಅಗಸೆಯ ಒಮೆಗಾ 3 ಮೀನಿನದಷ್ಟು ಸಲೀಸಾಗಿ ಕೆಲಸಕ್ಕೆ ಬರುವುದಿಲ್ಲ ಅನ್ನುವುದೂ ನಿಜ. ದೇಹ ಅದರಲ್ಲಿ ಸ್ವಲ್ಪವನ್ನೇ ಮೀನೆಣ್ಣೆಯಲ್ಲಿರುವ ರೂಪಕ್ಕೆ ತಿರುಗಿಸುತ್ತದೆ. ಬಂಗುಡೆ, ಭೂತಾಯಿ ತಿನ್ನುವ ಕರಾವಳಿಯ ಮನೆಗಳಿಗೆ ಈ ತಲೆನೋವೇ ಇಲ್ಲ, ಅವರ ಎಣ್ಣೆಯೂ ತೆಂಗಿನದು.

ಕರಿಯುವಾಗ ಇವೆರಡೂ ಒಂದೇ ಅಲ್ಲ

ಇಷ್ಟು ಹೊತ್ತು ಎರಡನ್ನೂ ಸಮಾಧಾನ ಮಾಡಿ ಕೂರಿಸಿದೆ. ಬಾಣಲೆ ಒಲೆ ಮೇಲೆ ಏರಿದ ಕೂಡಲೇ ನಾನು ಒಂದರ ಪಕ್ಷ ವಹಿಸುತ್ತೇನೆ.

ನಿಮ್ಮ ಮನೆಯ ಹಳೆಯ ಕಬ್ಬಿಣದ ಬಾಣಲೆಯ ಅಂಚನ್ನು ಬೆರಳಿಂದ ಮುಟ್ಟಿ ನೋಡಿ. ಎಣ್ಣೆ ನಿಲ್ಲುವ ಗೆರೆಗಿಂತ ಸ್ವಲ್ಪ ಮೇಲೆ, ಹಳದಿ ಕಂದು ಬಣ್ಣದ ಒಂದು ಅಂಟು ಪಟ್ಟಿ ಇರುತ್ತದೆ. ಸಬೀನಾ ಹಾಕಿ ತಿಕ್ಕಿದರೂ ಹೋಗುವುದಿಲ್ಲ, ಉಗುರಿನಲ್ಲಿ ಕೆರೆದರೆ ಮೇಣದ ಹಾಗೆ ಬರುತ್ತದೆ. ಅದು ಕೊಳೆ ಅಲ್ಲ. ಲಿನೋಲೆಯಿಕ್ ಆಮ್ಲ ಬಿಸಿ ಮತ್ತು ಗಾಳಿಗೆ ಸಿಕ್ಕಿ ಒಂದಕ್ಕೊಂದು ಹೆಣೆದುಕೊಂಡು ವಾರ್ನಿಷ್ ಆಗಿರುವುದು. ಬಣ್ಣದ ಕೆಲಸದವರು ಅಗಸೆ ಎಣ್ಣೆಯಿಂದ ವಾರ್ನಿಷ್ ಮಾಡುವುದೂ ಇದೇ ಗುಣದಿಂದ. ಲಿನೋಲೆಯಿಕ್ ಆಮ್ಲ ಒಲೆಯಿಕ್‌ಗಿಂತ ಹತ್ತು ಪಟ್ಟಿಗೂ ಬೇಗ ಆಮ್ಲಜನಕಕ್ಕೆ ಬಲಿಯಾಗುತ್ತದೆ. ಸೂರ್ಯಕಾಂತಿಯಲ್ಲಿ ಅದು 62, ತೌಡಿನಲ್ಲಿ 33. ಬಾಣಲೆಯಲ್ಲಿ ಯಾವುದು ಮೊದಲು ಕೆಡುತ್ತದೆ ಅಂತ ಹೇಳಬೇಕಾಗಿಲ್ಲ.

ಪ್ಯಾಕೆಟ್ ಮೇಲೆ, ಜಾಹೀರಾತಿನಲ್ಲಿ ಹೊಗೆ ಬರುವ ಉಷ್ಣತೆಯ ಬಗ್ಗೆ ಬಹಳ ಮಾತಿದೆ. ಸಂಸ್ಕರಿಸಿದ ಈ ಎರಡೂ ಎಣ್ಣೆಗಳು 220 ಡಿಗ್ರಿ ದಾಟುವವರೆಗೆ ಹೊಗೆಯಾಡುವುದಿಲ್ಲ, ನಾವು ಕರಿಯುವುದು 180ರ ಹತ್ತಿರ. ಹೊಗೆ ಬಂತೇ ಇಲ್ಲವೇ ಅನ್ನುವುದು ಎಣ್ಣೆ ಒಳಗೊಳಗೆ ಎಷ್ಟು ಕೆಟ್ಟಿದೆ ಅಂತ ಹೇಳುವುದಿಲ್ಲ. ಹೊಗೆಯೇ ಇಲ್ಲದೆ ಎಣ್ಣೆ ಕೆಡುತ್ತದೆ. ಕೆಟ್ಟಾಗ ಅದರಲ್ಲಿ ಹುಟ್ಟುವ ಪದಾರ್ಥಗಳು, ಒಮೆಗಾ 6 ಮುರಿದು ಬರುವ ಆಲ್ಡಿಹೈಡ್‌ಗಳು ಸೇರಿ, ನಿಜಕ್ಕೂ ಒಳ್ಳೆಯವಲ್ಲ. ಬೀಜದೆಣ್ಣೆ ವಿರೋಧಿಗಳ ಮಾತಿನಲ್ಲಿ ಅತಿ ಗಟ್ಟಿಯಾದ ಭಾಗ ಇದು ಅಂತ ನನಗನಿಸುತ್ತದೆ. ವಿಚಿತ್ರ ಅಂದರೆ ಅವರು ಜಾಸ್ತಿ ಬೈಯುವುದು ಇದನ್ನಲ್ಲ.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ಒಂದು ಮಿತಿ ಇಟ್ಟಿದೆ. ಕರಿದ ಎಣ್ಣೆಯಲ್ಲಿ ಕೆಟ್ಟ ಭಾಗ, ಅದಕ್ಕೆ ಒಟ್ಟು ಪೋಲಾರ್ ಪದಾರ್ಥ ಅನ್ನುತ್ತಾರೆ, ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಹೋಟೆಲ್ಲಿಗೆ ಮೀಟರ್ ಸಿಗುತ್ತದೆ, ಮನೆಗೆ ಕಣ್ಣು ಮೂಗೇ ಮೀಟರ್. ಬೋಂಡಾ ಬಿಟ್ಟಾಗ ಸಾಮಾನ್ಯ ಗುಳ್ಳೆ ದೊಡ್ಡದಾಗಿ ಎದ್ದು ಪಟಪಟ ಒಡೆಯುತ್ತದೆ. ಕೆಟ್ಟ ಎಣ್ಣೆಯಲ್ಲಿ ಸಣ್ಣ ನೊರೆ ಎದ್ದು, ಸೋಪಿನ ನೊರೆಯ ಹಾಗೆ ಒಡೆಯದೆ ಮೇಲೇ ನಿಲ್ಲುತ್ತದೆ. ಸಟ್ಟುಗದಿಂದ ಎತ್ತಿ ಬಿಟ್ಟರೆ ಹನಿಹನಿಯಾಗಿ ಬೀಳದೆ ನೂಲಿನ ಹಾಗೆ ಇಳಿಯುತ್ತದೆ. ಮೊದಲಿಗಿಂತ ಕಡಿಮೆ ಬಿಸಿಗೇ ಹೊಗೆ ಬರುತ್ತದೆ. ಇವುಗಳಲ್ಲಿ ಒಂದು ಕಂಡರೂ ಚೆಲ್ಲಿಬಿಡಿ. ಬರೀ ಬಣ್ಣ ಕಪ್ಪಾಗಿದೆ ಅಂತ ನಂಬಬೇಡಿ, ತೌಡಿನೆಣ್ಣೆ ಮೊದಲೇ ಸ್ವಲ್ಪ ಗಾಢ ಬಣ್ಣದ್ದು, ಅದು ಬೇಗ ಕಪ್ಪಾಗುತ್ತದೆ ಆದರೆ ಬೇಗ ಕೆಡುವುದಿಲ್ಲ.

ಕಳೆದ ದೀಪಾವಳಿಗೆ ನಮ್ಮ ಮನೆಯಲ್ಲಿ ನಡೆದದ್ದು ಇದು. ಎರಡು ಲೀಟರ್ ಸೂರ್ಯಕಾಂತಿ ಎಣ್ಣೆಯಲ್ಲಿ ಮೊದಲ ದಿನ ಚಕ್ಕಲಿ, ಮರುದಿನ ಕರ್ಚಿಕಾಯಿ, ಮೂರನೇ ದಿನ ಯಾರೋ ಬಂದರು ಅಂತ ಮಿರ್ಚಿ ಭಜಿ. ಉಳಿದ ಒಂದು ಲೀಟರಿನಷ್ಟನ್ನು ಸೋಸಿ ಸ್ಟೀಲ್ ಡಬ್ಬಿಗೆ ಹಾಕಿದರು, ಮುಂದಿನ ಮೂರು ವಾರ ಒಗ್ಗರಣೆಗೆಲ್ಲ ಅದೇ. ಭಜಿ ದಿನವೇ ನೊರೆ ನಿಂತಿತ್ತು, ನಾನು ನೋಡಿದ್ದೆ, ಚೆಲ್ಲೋಣ ಅಂದರೆ ಅವ್ವ ಕೇಳಬೇಕಲ್ಲ. ಸೂರ್ಯಕಾಂತಿಯನ್ನು ಆರಿಸಿದ್ದು ತಪ್ಪಲ್ಲ, ಅದನ್ನು ಮೂರು ದಿನ ಕಾಯಿಸಿದ್ದು ತಪ್ಪು. ತೌಡಿನೆಣ್ಣೆ ಇದ್ದಿದ್ದರೆ ಎರಡನೇ ದಿನದವರೆಗೆ ಚೆನ್ನಾಗಿಯೇ ತಡೆಯುತ್ತಿತ್ತು. ಮೂರನೇ ದಿನಕ್ಕೆ ಅದನ್ನೂ ನಾನು ಇಡುತ್ತಿರಲಿಲ್ಲ.

ತೌಡಿನೆಣ್ಣೆಯ ಒಂದು ಹೆಚ್ಚುಗಾರಿಕೆ, ಒಂದು ಗುಮಾನಿ

ಅಕ್ಕಿ ಪಾಲಿಶ್ ಮಾಡುವಾಗ ಮಿಲ್ಲಿನಲ್ಲಿ ಉದುರುವ ತೌಡಿನಲ್ಲಿ ಎಣ್ಣೆ ಇರುವುದು ನೂರಕ್ಕೆ 15ರಿಂದ 20 ಭಾಗ. ಸೂರ್ಯಕಾಂತಿ ಬೀಜದಲ್ಲಿ 40ರ ಹತ್ತಿರ. ಹಾಗಾಗಿ ಸೂರ್ಯಕಾಂತಿಯನ್ನು ಮೊದಲು ಹಿಂಡಿ ತೆಗೆದು, ಉಳಿದ ಹಿಂಡಿಗೆ ಮಾತ್ರ ಎಣ್ಣೆಯನ್ನು ಕರಗಿಸಿ ಎಳೆಯುವ ಹೆಕ್ಸೇನ್ ಎಂಬ ದ್ರಾವಕ ಹಾಕುತ್ತಾರೆ. ತೌಡನ್ನು ಹಿಂಡಿದರೆ ಏನೂ ಬರದು, ಅದಕ್ಕೆ ಪೂರ್ತಿ ಹೆಕ್ಸೇನೇ ಗತಿ. ತೌಡಿಗೆ ಇನ್ನೊಂದು ಪೀಡೆ ಇದೆ. ಪಾಲಿಶ್ ಆದ ಗಳಿಗೆಯಿಂದಲೇ ಅದರೊಳಗಿನ ಕಿಣ್ವ ಎಣ್ಣೆಯನ್ನು ಮುರಿಯಲು ಶುರು ಮಾಡುತ್ತದೆ, ಹುಳಿ ಏರುತ್ತದೆ. ಗಂಗಾವತಿ, ರಾಯಚೂರು ಕಡೆಯ ಮಿಲ್ಲುಗಳಿಂದ ತೌಡಿನ ಲಾರಿ ಎಣ್ಣೆ ಕಾರ್ಖಾನೆಗೆ ಬೇಗ ಮುಟ್ಟಬೇಕು. ಇಲ್ಲವೇ ತೌಡನ್ನು ಹಬೆಯಲ್ಲಿ ಬೇಯಿಸಿ ಕಿಣ್ವವನ್ನು ಸಾಯಿಸಬೇಕು. ತಡವಾದ ತೌಡು ದನದ ಮೇವಿಗಷ್ಟೇ.

ಹೆಕ್ಸೇನ್ ಹೆಸರು ಕೇಳಿದ ಕೂಡಲೇ ಪೆಟ್ರೋಲ್ ಕುಡಿಸುತ್ತಾರೆ ಅನ್ನುವವರಿದ್ದಾರೆ. ಹೆಕ್ಸೇನ್ ಕುದಿಯುವುದು 69 ಡಿಗ್ರಿಗೆ. ಕೊನೆಯ ಹಂತದಲ್ಲಿ ವಾಸನೆ ತೆಗೆಯಲು ಎಣ್ಣೆಯನ್ನು ಗಾಳಿ ಎಳೆದ ಪಾತ್ರೆಯಲ್ಲಿ 200 ಡಿಗ್ರಿ ದಾಟಿ ಕಾಯಿಸುತ್ತಾರೆ. ಅಷ್ಟರಲ್ಲಿ ಹೆಕ್ಸೇನ್ ಉಳಿಯುವುದು ಕಷ್ಟ, ಕಾನೂನಿನ ಮಿತಿಯೂ ಹತ್ತು ಲಕ್ಷಕ್ಕೆ 5 ಭಾಗ. ನನ್ನ ಚಿಂತೆ ಅದಲ್ಲ, ಒರೈಜನಾಲ್.

ಒರೈಜನಾಲ್ ತೌಡಿನೆಣ್ಣೆಯಲ್ಲಿ ಮಾತ್ರ ಹೇಳಿಕೊಳ್ಳುವಷ್ಟಿರುವ ಪದಾರ್ಥ. ಕೆಟ್ಟ ಕೊಲೆಸ್ಟರಾಲನ್ನು ಸ್ವಲ್ಪ ಇಳಿಸುತ್ತದೆ, ಎಣ್ಣೆ ಕೆಡದಂತೆಯೂ ತಡೆಯುತ್ತದೆ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಸೂರ್ಯಕಾಂತಿಯ ಎರಡು ಪಟ್ಟಿದ್ದರೂ ಕೊಲೆಸ್ಟರಾಲ್ ಪರೀಕ್ಷೆಯಲ್ಲಿ ತೌಡಿನೆಣ್ಣೆ ಸೋಲದೆ ನಿಲ್ಲುವುದು ಇದರಿಂದ ಮತ್ತು ಅದರ ಜೊತೆಗಿರುವ ಸ್ಟೆರಾಲ್‌ಗಳಿಂದ. ತೊಂದರೆ ಏನೆಂದರೆ, ಹುಳಿ ತೆಗೆಯಲು ಕ್ಷಾರ ಹಾಕುವ ರಾಸಾಯನಿಕ ಸಂಸ್ಕರಣೆಯಲ್ಲಿ ಒರೈಜನಾಲ್ ಬಹುಪಾಲು ಸೋಪಿನ ಜೊತೆ ಹೊರಟುಹೋಗುತ್ತದೆ. ಬಿಸಿ ಹಬೆಯಿಂದ ಹುಳಿ ತೆಗೆಯುವ ಭೌತಿಕ ಸಂಸ್ಕರಣೆಯಲ್ಲಿ ಉಳಿಯುತ್ತದೆ. ಎರಡೂ ಅಂಗಡಿಯಲ್ಲಿ ಒಂದೇ ಹೆಸರಲ್ಲಿ ಕೂತಿರುತ್ತವೆ. ಪ್ಯಾಕೆಟ್ ಹಿಂದೆ ಒರೈಜನಾಲ್ 10,000 ಪಿಪಿಎಂ ಅಥವಾ ಶೇಕಡಾ 1 ಅಂತ ಬರೆದಿದ್ದರೆ ತೆಗೆದುಕೊಳ್ಳಿ. ಆ ಸಾಲೇ ಇಲ್ಲದಿದ್ದರೆ ನೀವು ತೌಡಿನೆಣ್ಣೆಯ ಅರ್ಧ ಲಾಭ ಬಿಟ್ಟು ಬರೀ ಎಣ್ಣೆ ಕೊಳ್ಳುತ್ತಿದ್ದೀರಿ.

ಚಳಿಗಾಲದಲ್ಲಿ ತೌಡಿನೆಣ್ಣೆ ಬಾಟಲಿಯ ತಳದಲ್ಲಿ ಮಂಜಿನಂತೆ ಕಂಡರೆ ಗಾಬರಿ ಬೇಡ. ತೌಡಿನ ಮೇಣ ಮತ್ತು ಗಟ್ಟಿ ಕೊಬ್ಬು ಅದು, ಬಿಸಿಲಿಗಿಟ್ಟರೆ ಕರಗುತ್ತದೆ. ಕಲಬೆರಕೆ ಅಲ್ಲ.

ಅಂಗಡಿಯಲ್ಲಿ ನಿಂತಾಗ

ಮುಂದುಗಡೆ ಚಿತ್ರ ಬಿಡಿ, ಹಿಂದಿನ ಪಟ್ಟಿ ಓದಿ. ಸೂರ್ಯಕಾಂತಿಯಲ್ಲಿ ಎರಡು ಜಾತಿ ಇದೆ. ಮಾಮೂಲಿಯದರಲ್ಲಿ ಪೂಫಾ 60ರ ಮೇಲಿರುತ್ತದೆ. ಹೈ ಒಲೆಯಿಕ್ ಅನ್ನುವ ತಳಿಯದರಲ್ಲಿ ಉಲ್ಟಾ, ಮೂಫಾ 75 ದಾಟಿ ಪೂಫಾ ಹತ್ತರ ಆಸುಪಾಸು. ಎರಡರ ಹೆಸರೂ ಸೂರ್ಯಕಾಂತಿಯೇ, ಗುಣ ಪೂರ್ತಿ ಬೇರೆ. ಹೈ ಒಲೆಯಿಕ್ ಸಿಕ್ಕರೆ ಕರಿಯಲು ಅದು ತೌಡಿನೆಣ್ಣೆಗಿಂತಲೂ ಗಟ್ಟಿ, ಬೆಲೆಯೂ ಹಾಗೇ ಇರುತ್ತದೆ.

ಮಿಶ್ರಣದ ಎಣ್ಣೆಗಳಲ್ಲಿ ತೌಡು ಮತ್ತು ಸೂರ್ಯಕಾಂತಿಯ ಜೋಡಿ ಬಹಳ ಸಾಮಾನ್ಯ. ಯಾವುದು ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು, ಯಾವುದೂ ಶೇಕಡಾ 20ಕ್ಕಿಂತ ಕಡಿಮೆ ಇರುವಂತಿಲ್ಲ. 80 ತೌಡು, 20 ಸೂರ್ಯಕಾಂತಿ ಅಂದರೆ ಒಮೆಗಾ 6 ಸುಮಾರು 39. ಅದಕ್ಕೆ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ, ಎರಡು ಪ್ಯಾಕೆಟ್ ತಂದು ಮನೆಯಲ್ಲೇ ಬೆರೆಸಬಹುದು. ಪ್ಯಾಕೆಟ್ ತೂಕವನ್ನೂ ನೋಡಿ, ಲೀಟರಿನಂತೆಯೇ ಕಾಣುವ ಕೆಲವು ಪ್ಯಾಕೆಟ್‌ಗಳಲ್ಲಿ 910 ಗ್ರಾಂ ಇರುವುದಿಲ್ಲ.

ನಾನು ಏನು ಮಾಡಿದೆ ಅಂದರೆ, ದಿನದ ಪಲ್ಯ, ಸಾರು, ಒಗ್ಗರಣೆಗೆ ಆ ಐದು ಲೀಟರ್ ಕ್ಯಾನ್ ಮುಗಿಯುವವರೆಗೆ ಸೂರ್ಯಕಾಂತಿಯೇ ಇರಲಿ ಅಂದೆ. ಒಗ್ಗರಣೆಗೆ ಎರಡು ನಿಮಿಷ ಕಾದ ಎಣ್ಣೆಗೆ ಏನೂ ಆಗುವುದಿಲ್ಲ, ವಿಟಮಿನ್ ಇ ಕೂಡ ಅದರಲ್ಲೇ ಚೆನ್ನಾಗಿದೆ. ಕರಿಯಲು ತೌಡಿನೆಣ್ಣೆ, ಒಂದು ಲೀಟರ್ ಪ್ಯಾಕೆಟ್, ಸಣ್ಣ ಬಾಣಲೆಯಲ್ಲಿ ಸ್ವಲ್ಪವೇ ಹಾಕಿ. ಕ್ಯಾನ್ ಮುಗಿದ ಮೇಲೆ ದಿನಕ್ಕೂ ತೌಡಿನದೇ ತರುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಭಜಿ ತಪ್ಪುವುದಿಲ್ಲ, ಎರಡೆರಡು ಎಣ್ಣೆ ಇಟ್ಟರೆ ಅವ್ವ ಕೈಗೆ ಸಿಕ್ಕಿದ್ದನ್ನು ಹಾಕುತ್ತಾಳೆ. ಕರಿಯುವುದೇ ಇಲ್ಲ, ತಿಂಗಳಿಗೆ ತಲೆಗೆ ಮುಕ್ಕಾಲು ಲೀಟರಿನೊಳಗೆ ಮುಗಿಯುತ್ತದೆ ಅನ್ನುವವರು ಸೂರ್ಯಕಾಂತಿ ಬಿಡುವ ಕಾರಣ ನನಗಂತೂ ಕಾಣುವುದಿಲ್ಲ.

ಇದನ್ನೆಲ್ಲ ಮುಂದಿನ ಭಾನುವಾರ ತಮ್ಮನಿಗೆ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. 2025ರಲ್ಲಿ ಅಲ್ಲಿಯ ಒಂದು ಬರ್ಗರ್ ಹೋಟೆಲ್ ಸರಣಿಯೇ ಬೀಜದೆಣ್ಣೆ ಬಿಟ್ಟು ದನದ ಕೊಬ್ಬಿನಲ್ಲಿ ಆಲೂಗಡ್ಡೆ ಕರಿಯಲು ಶುರು ಮಾಡಿದೆ, ಆರೋಗ್ಯ ಮಂತ್ರಿಯೇ ಹೊಗಳಿದ್ದಾರೆ ಅಂದ. ಅವ್ವ ಫೋನ್ ಕಸಿದುಕೊಂಡು, "ಯಾವ ಎಣ್ಣ್ಯಾಗರ ಕರೀಲಿ, ನೀ ವಾರಕ್ಕ ಎಷ್ಟ ಸಲ ತಿಂತಿ ಅದನ್ನ ಹೇಳು" ಅಂದಳು. ಅವನು ವಿಷಯ ಬದಲಾಯಿಸಿದ. ಅಂದ ಹಾಗೆ, ಮುಂದಿನ ತಿಂಗಳು ಬರುವವರ ಕೈಯಲ್ಲಿ ಅರ್ಧ ಕೆಜಿ ಅಗಸಿ ಚಟ್ನಿಪುಡಿ ಕಳಿಸಬೇಕಂತೆ.